ಮಂಜಪ್ಪನವರ ಮನೆಯವರಿಗೆ, ಸಂಜೆ 4 ಗಂಟೆ 10 ನಿಮಿಷಕ್ಕೆ

(ಶಿವಮೊಗ್ಗ. ಜುಲೈ ತಿಂಗಳು, ಹೊರಗೆ ಜಡಿಮಳೆ. ಐಸಿಯು ಪಕ್ಕದ ಸಣ್ಣ ಕೋಣೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ಮಂಜಪ್ಪನವರಿಗೆ 58 ವರ್ಷ, ಹಾರ್ಟ್ ಅಟ್ಯಾಕ್ ಆಗಿತ್ತು. ಕೋಣೆಯಲ್ಲಿ ಅವರ ಹೆಂಡತಿ, ಮಗ ರಾಘು, ಹೆಂಡತಿಯ ತಮ್ಮ. ಬಾಗಿಲು ಹಾಕಿದೆ. ನನ್ನ ಮೊಬೈಲ್ ಹೊರಗೆ ಬೇರೆಯವರ ಕೈಯಲ್ಲಿದೆ. ಏಪ್ರನ್ ಬದಲಾಯಿಸಿಕೊಂಡು ಬಂದಿದ್ದೇನೆ, ಮೊದಲಿನದಕ್ಕೆ ರಕ್ತ ಹತ್ತಿತ್ತು.)

ಅಮ್ಮ, ಇಲ್ಲಿ ಕೂತುಕೊಳ್ಳಿ. ರಾಘು, ನೀವು ಅಮ್ಮನ ಪಕ್ಕಕ್ಕೆ ಬನ್ನಿ. ಅಣ್ಣ, ನೀವೂ ಕೂತುಕೊಳ್ಳಿ, ಕುರ್ಚಿ ಇದೆ. ನಾನು ಡಾಕ್ಟರ್ ಸುಮ. ಬೆಳಿಗ್ಗೆ 11 ಗಂಟೆಗೆ ಮಂಜಪ್ಪನವರು ಬಂದಾಗಿನಿಂದ ನಾನೇ ನೋಡುತ್ತಿದ್ದೆ. ಇವರು ಸಿಸ್ಟರ್ ಲತಾ, ಇವರೂ ಇಡೀ ಹೊತ್ತು ಅವರ ಪಕ್ಕದಲ್ಲೇ ಇದ್ದರು.

ಮೂರೂಕಾಲಿಗೆ ಸಿಸ್ಟರ್ ಹೊರಗೆ ಬಂದು, ಹೃದಯ ನಿಂತಿದೆ, ಎದೆ ಒತ್ತುತ್ತಿದ್ದೇವೆ ಅಂತ ನಿಮಗೆ ಹೇಳಿದ್ದರು. ಈಗ ನಾನು ಹೇಳಬೇಕಾಗಿರುವುದು ಕೆಟ್ಟ ಸುದ್ದಿ, ಅಮ್ಮ.

ಮಂಜಪ್ಪನವರು ತೀರಿಕೊಂಡರು. ನಾಲ್ಕು ಗಂಟೆಗೆ ಅವರ ಜೀವ ಹೋಯಿತು.

(ಇಲ್ಲಿ ನಾನು ಮಾತು ನಿಲ್ಲಿಸುತ್ತೇನೆ. ಕಾಯಿಲೆ ಹೆಸರು, ಇಂಜೆಕ್ಷನ್ ಹೆಸರು ಯಾವುದೂ ಈಗ ಬೇಡ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾರೆ. ಅಳಬೇಡಿ ಅಂತ ನಾನು ಹೇಳುವುದಿಲ್ಲ. ಸಿಸ್ಟರ್ ಅವರ ಬೆನ್ನ ಮೇಲೆ ಕೈ ಇಟ್ಟಿದ್ದಾರೆ.)

— ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಆಂಬುಲೆನ್ಸಲ್ಲಿ ನನ್ನ ಹತ್ರ ಮಾತಾಡಿದ್ರು. ಇನ್ನೊಂದ್ಸಲ ನೋಡಿ.

ನೋಡಿದೆ ಅಮ್ಮ. ನಿಲ್ಲಿಸುವ ಮುಂಚೆ ನಾಡಿ ನೋಡಿದೆವು. ಎದೆಗೆ ಸ್ಕ್ಯಾನ್ ಇಟ್ಟು ಹೃದಯ ನೋಡಿದೆವು, ಅದು ಅಲ್ಲಾಡುತ್ತಿರಲಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ನೋಡಿದೆವು. ಜೊತೆಗಿದ್ದ ಇನ್ನೊಬ್ಬ ಡಾಕ್ಟರೂ ನೋಡಿದರು. ಅವರು ಹೋಗಿಬಿಟ್ಟಿದ್ದಾರೆ ಅಮ್ಮ. ಮತ್ತೆ ಉಸಿರು ಬರುವುದಿಲ್ಲ.

ನನಗೂ ತುಂಬ ಸಂಕಟವಾಗುತ್ತಿದೆ. ಅವರನ್ನು ಉಳಿಸಿಕೊಳ್ಳಬೇಕು ಅಂತ ನಮಗೆಲ್ಲ ಬಹಳ ಇತ್ತು.

ನೀರು ಕುಡಿಯಿರಿ. ಬೇಡವಾದರೆ ಬೇಡ, ಇಲ್ಲೇ ಇಟ್ಟಿರುತ್ತೇನೆ. ನನಗೆ ಅವಸರ ಇಲ್ಲ. ವಾರ್ಡನ್ನು ಬೇರೆ ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ.

— ಏನಾಯ್ತು ಮೇಡಂ? ಸ್ಟೆಂಟ್ ಹಾಕಿದೀವಿ ಅಂದ್ರಲ್ಲ. ರಕ್ತ ಹರೀತಿದೆ ಅಂದ್ರಲ್ಲ.

ಹೌದು ರಾಘು, ಹೇಳಿದ್ದೆ. ಅದು ನಿಜ. ಅಪ್ಪಯ್ಯನ ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಪೂರ್ತಿ ಕಟ್ಟಿಕೊಂಡಿತ್ತು. ತೀರ್ಥಹಳ್ಳಿಯಲ್ಲಿ ಇಸಿಜಿ ನೋಡಿದ ತಕ್ಷಣ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರು. ಕೊಡಬೇಕಾದದ್ದೇ ಅದು. ಅಷ್ಟಾದರೂ ನಾಳ ತೆರೆದಿರಲಿಲ್ಲ. ಇಲ್ಲಿಗೆ ಬಂದ ಕೂಡಲೇ ಕೈಯ ರಕ್ತನಾಳದ ಮೂಲಕ ತಂತಿ ಹಾಕಿ ಸ್ಟೆಂಟ್ ಇಟ್ಟೆವು. ನಾಳ ತೆರೆಯಿತು. ಆದರೆ ಅಷ್ಟು ಹೊತ್ತು ರಕ್ತ ಸಿಗದೆ ಹೃದಯದ ಮಾಂಸವೇ ಸೋತುಹೋಗಿತ್ತು. ತೋಟಕ್ಕೆ ನೀರು ಬಿಟ್ಟರೂ ಬೇರು ಎಳೆದುಕೊಳ್ಳದ ಹಾಗೆ ಅಂದುಕೊಳ್ಳಿ. ಬಿಪಿ ಏಳಲಿಲ್ಲ. ಅದಕ್ಕೇ ಮಧ್ಯಾಹ್ನ ನಿಮ್ಮನ್ನು ಕರೆದು, ಉಳಿಯುವುದು ಕಷ್ಟ ಆಗಬಹುದು ಅಂದಿದ್ದೆ. ಬಿಪಿ ಏರಿಸುವ ಔಷಧಿ ಮೂರು ಥರದ್ದು ಹೋಗುತ್ತಿತ್ತು, ಉಸಿರಿಗೆ ವೆಂಟಿಲೇಟರ್ ಇತ್ತು. ಮೂರು ಗಂಟೆ 10 ನಿಮಿಷಕ್ಕೆ ಹೃದಯ ನಿಂತಿತು. 50 ನಿಮಿಷ ಒಬ್ಬರಾದ ಮೇಲೆ ಒಬ್ಬರು ಎದೆ ಒತ್ತಿದೆವು. ನಾಲ್ಕು ಸಲ ಶಾಕ್ ಕೊಟ್ಟೆವು. ನಡುವೆ ಒಂದು ಸಲ ನಾಡಿ ಬಂತು, ಎರಡು ನಿಮಿಷ ಇತ್ತು. ಮತ್ತೆ ಹೋಯಿತು.

— ಬೆಳಿಗ್ಗೆ ನಡ್ಕೊಂಡು ಆಂಬುಲೆನ್ಸ್ ಹತ್ತಿದ ಮನುಷ್ಯ! ನೀವು ಏನೇನೋ ಹಾಕಿ ಕೊಂದ್ರಿ. ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗಿದ್ರೆ ಭಾವ ಉಳೀತಿದ್ರು.

ಅಣ್ಣ, ನಡೆದುಕೊಂಡು ಹೋದವರು ಸಂಜೆಗೆ ಇಲ್ಲ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನೀವು ಕೇಳುವುದು ಸರಿಯಾಗಿಯೇ ಇದೆ. ಕೇಳಿ, ಎಲ್ಲದಕ್ಕೂ ಉತ್ತರ ಕೊಡುತ್ತೇನೆ.

(ಅವರು ಎದ್ದು ನಿಂತಿದ್ದಾರೆ. ನಾನು ಏಳುವುದಿಲ್ಲ, ಕೂತೇ ಇರುತ್ತೇನೆ. ಅವರ ದನಿ ಏರಿದೆ ಅಂತ ನನ್ನದನ್ನು ಏರಿಸುವುದಿಲ್ಲ. ಬಾಗಿಲ ಹತ್ತಿರದ ಕುರ್ಚಿ ನನ್ನದು, ಸೆಕ್ಯುರಿಟಿಯವರು ಹೊರಗಿದ್ದಾರೆ. ಈ ಮನುಷ್ಯ ಬೆಳಗಿನಿಂದ ಊಟ ಮಾಡಿಲ್ಲ.)

ಹೃದಯಾಘಾತದಲ್ಲಿ ಹೀಗೆ ಆಗುತ್ತದೆ ಅಣ್ಣ. ನಡೆಯುತ್ತಾರೆ, ಮಾತಾಡುತ್ತಾರೆ. ಒಳಗೆ ಮಾತ್ರ ಹೃದಯ ಗಂಟೆಗಂಟೆಗೂ ಸೋಲುತ್ತಿರುತ್ತದೆ. ಮಣಿಪಾಲದಲ್ಲಾದರೂ ಮಾಡುವುದು ಇದನ್ನೇ. ನಾಳ ತೆರೆಯುವುದು, ಸ್ಟೆಂಟ್ ಹಾಕುವುದು, ಬಿಪಿ ಏರಿಸುವುದು. ಆ ಸ್ಥಿತಿಯಲ್ಲಿ ಮಳೆಗಾಲದ ಘಾಟಿ ಇಳಿಸುವುದು ಇನ್ನೂ ಅಪಾಯವಾಗಿತ್ತು. ಗಾಜನೂರಿನ ಕಡೆಯಿಂದ ಇಲ್ಲಿಗೆ ಕರೆತಂದದ್ದು ಸರಿಯಾದ ತೀರ್ಮಾನ. ಆ ತೀರ್ಮಾನ ಮಾಡಿದವರು ತಪ್ಪು ಮಾಡಿಲ್ಲ.

ನಿಮಗೆ ಇನ್ನೂ ಅನುಮಾನ ಇದ್ದರೆ ಅದನ್ನು ಒಳಗಿಟ್ಟುಕೊಂಡು ಊರಿಗೆ ಹೋಗಬೇಡಿ. ಕೇಸ್ ಶೀಟಿನ ಪ್ರತಿ ಕೇಳಿ, ಕೊಡುತ್ತಾರೆ. ಅದನ್ನು ನಿಮಗೆ ನಂಬಿಕೆ ಇರುವ ಬೇರೆ ಡಾಕ್ಟರಿಗೆ ತೋರಿಸಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಹದಿನೈದು ದಿನ ಬಿಟ್ಟು ಬಂದರೂ ನಾನೇ ಕೂತು ಒಂದೊಂದೂ ಓದಿ ಹೇಳುತ್ತೇನೆ.

— ನಾನೇ ತಪ್ಪು ಮಾಡ್ದೆ ಡಾಕ್ಟ್ರೇ. ಐದು ಗಂಟೆಗೇ ಎದೆ ಉರಿ ಅಂದ್ರು. ಗ್ಯಾಸ್ ಅಂದ್ಕೊಂಡೆ. ಜೀರಿಗೆ ಕಷಾಯ ಮಾಡಿ ಕೊಟ್ಟು ಮಲಗಿಸಿದೆ. ಮೂರು ಗಂಟೆ ಸುಮ್ನೆ ಕೂತೆ.

ಅಮ್ಮ, ನನ್ನ ಕಡೆ ನೋಡಿ. ಎದೆ ಉರಿ ಅಂದರೆ ಗ್ಯಾಸ್ ಅಂದುಕೊಳ್ಳುವುದು ನೀವೊಬ್ಬರೇ ಅಲ್ಲ. ಡಾಕ್ಟರ್ ಮನೆಗಳಲ್ಲೂ ಹಾಗೇ ಅಂದುಕೊಂಡವರಿದ್ದಾರೆ. ನಿಮಗೆ ನಾನು ಸುಳ್ಳು ಹೇಳುವುದಿಲ್ಲ. ಹೃದಯಾಘಾತದಲ್ಲಿ ಬೇಗ ಬಂದಷ್ಟೂ ಒಳ್ಳೆಯದು ಅನ್ನುವುದು ನಿಜ. ಆದರೆ ಬೇಗ ಬಂದಿದ್ದರೆ ಇವರು ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ, ಯಾರೂ ಹೇಳಲಾರರು. ಮೊದಲ ಗಂಟೆಯಲ್ಲೇ ಬಂದವರನ್ನೂ ನಾವು ಕಳೆದುಕೊಂಡಿದ್ದೇವೆ. ನೀವು ಅವರಿಗೆ ಕಷಾಯ ಮಾಡಿ ಕೊಟ್ಟಿರಿ. ಪಕ್ಕದಲ್ಲಿ ಕೂತಿರಿ. ಬೆವರು ನೋಡಿದ ಕೂಡಲೇ ಮಗನನ್ನು ಎಬ್ಬಿಸಿದಿರಿ. ಗೊತ್ತಿದ್ದಷ್ಟರಲ್ಲಿ ಒಬ್ಬ ಹೆಂಡತಿ ಏನು ಮಾಡಬೇಕೋ ಅದನ್ನೇ ಮಾಡಿದ್ದೀರಿ ಅಮ್ಮ.

— ನೋವು ಪಟ್ರಾ?

ಕೊನೆಗೆ ನೋವಿರಲಿಲ್ಲ. ಬಂದಾಗ ಇತ್ತು, ಅದಕ್ಕೆ ಇಂಜೆಕ್ಷನ್ ಕೊಟ್ಟೆವು. ಉಸಿರಿನ ಟ್ಯೂಬ್ ಹಾಕುವ ಮುಂಚೆ ನಿದ್ದೆಗೆ ಔಷಧಿ ಕೊಟ್ಟಿದ್ದೆವು. ಆಮೇಲೆ ಅವರಿಗೆ ಎಚ್ಚರ ಇರಲಿಲ್ಲ. ಎದೆ ಒತ್ತಿದ್ದು ಅವರಿಗೆ ಗೊತ್ತಾಗಿಲ್ಲ. ನಿದ್ದೆಗೆ ಮುಂಚೆ ನನ್ನ ಹತ್ತಿರ ಒಂದು ಮಾತು ಕೇಳಿದರು. ಹೊರಗೆ ಅವಳೊಬ್ಬಳೇ ಇದ್ದಾಳಾ ಅಂದರು. ಇಲ್ಲ, ಮಗ ಇದ್ದಾನೆ ಅಂದೆ. ಸರಿ ಅಂದರು.

(ಇದು ಅವರು ನಿಜವಾಗಿ ಕೇಳಿದ ಮಾತು, ಅದಕ್ಕೇ ಹೇಳಿದೆ. ಕೇಳದೇ ಇದ್ದಿದ್ದರೆ ಸಮಾಧಾನಕ್ಕೆ ಅಂತ ಕಟ್ಟಿ ಹೇಳುತ್ತಿರಲಿಲ್ಲ. ಈ ಮಾತನ್ನು ಅವರು ಜೀವನಪೂರ್ತಿ ನೆನೆಯುತ್ತಾರೆ. ಮತ್ತೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತೇವೆ.)

— ನಾಳೆ ಕೊಳೆ ಔಷಧಿ ಹೊಡೆಯೋಕೆ ಆಳು ಬರ್ತಾರೆ. ಮೈಲುತುತ್ತ ತಂದಿಟ್ಟಿದ್ರು.

ಆಳುಗಳಿಗೆ ನಿಮ್ಮ ತಮ್ಮನೇ ಫೋನ್ ಮಾಡಿ ಹೇಳುತ್ತಾರೆ, ಅಮ್ಮ. ಅಲ್ವಾ ಅಣ್ಣ? ಅದು ನಿಮ್ಮ ತಲೆಯಲ್ಲಿ ಇರಬೇಕಾಗಿಲ್ಲ.

ರಾಘು, ತಂಗಿ ಬೆಂಗಳೂರಿನಿಂದ ಬರುತ್ತಿದ್ದಾರೆ ಅಂದಿರಲ್ಲ. ಹೇಗೆ ಬರುತ್ತಿದ್ದಾರೆ? ಗಂಡ ಕಾರು ಓಡಿಸುತ್ತಿದ್ದಾರಾ? ಹಾಗಾದರೆ ಈಗಲೇ ಹೇಳಬೇಡಿ. ದಾರಿಯಲ್ಲಿ ಎಲ್ಲಾದರೂ ಗಾಡಿ ನಿಲ್ಲಿಸಿ ಫೋನ್ ಮಾಡಲು ಹೇಳಿ. ನಿಲ್ಲಿಸಿದ ಮೇಲೆ ನಿಜ ಹೇಳಿಬಿಡಿ. ಸೀರಿಯಸ್ ಇದ್ದಾರೆ, ಬೇಗ ಬಾ ಅನ್ನುವುದು ಬೇಡ. ಹಾಗಂದರೆ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬರುತ್ತಾರೆ. ಇಲ್ಲಿಗೆ ಬಂದ ಮೇಲೆ, ನನಗೆ ಮಾತ್ರ ಯಾಕೆ ಹೇಳಲಿಲ್ಲ ಅಂತ ನಿಮ್ಮನ್ನೇ ಕೇಳುತ್ತಾರೆ. ನಿಮಗೆ ಹೇಳಲು ಆಗದಿದ್ದರೆ ಫೋನ್ ನನಗೆ ಕೊಡಿ. ನಾನು ಹೇಳುತ್ತೇನೆ. ಅವರು ಬರುವ ತನಕ ಅಪ್ಪಯ್ಯ ಇಲ್ಲೇ ಇರಬಹುದು. ಕಳಿಸಿಬಿಡಿ ಅಂತ ಯಾರೂ ಅವಸರ ಮಾಡುವುದಿಲ್ಲ. ಬಿಲ್ಲಿನ ಮಾತೂ ಈಗ ಇಲ್ಲ, ಕೌಂಟರಿನವರಿಗೆ ನಾನು ಹೇಳಿದ್ದೇನೆ.

ಇದು ಕಾಯಿಲೆಯಿಂದ ಆದ ಸಾವು, ಕಾರಣ ಗೊತ್ತಿದೆ. ಪೋಸ್ಟ್‌ಮಾರ್ಟಂ ಬೇಕಾಗಿಲ್ಲ. ಕಾರಣ ಬರೆದ ಸರ್ಟಿಫಿಕೇಟ್ ನಾನು ಬರೆಯುತ್ತೇನೆ. ನೋಂದಣಿಗೆ ಆಸ್ಪತ್ರೆಯಿಂದಲೇ ತಿಳಿಸುತ್ತಾರೆ, ಅದಕ್ಕೆ 21 ದಿನ ಸಮಯ ಇದೆ. ಆಧಾರ್‌ನಲ್ಲಿರುವ ಹಾಗೇ ಹೆಸರು ಬರೆಸಿ, ಅಷ್ಟು ಸಾಕು. ಗಾಡಿ ಹೇಳಬೇಕಾದಾಗ ಸಿಸ್ಟರಿಗೆ ಹೇಳಿ.

ಇನ್ನೊಂದು ಮಾತು ರಾಘು. ಬೇಡ ಅಂದರೆ ಅಲ್ಲಿಗೇ ಬಿಡುತ್ತೇನೆ. ಅಪ್ಪಯ್ಯ ಯಾವಾಗಲಾದರೂ ಕಣ್ಣು ದಾನದ ಬಗ್ಗೆ ಹೇಳಿದ್ದರಾ? ಜೀವ ಹೋಗಿ ಆರು ತಾಸಿನೊಳಗೆ ತೆಗೆದುಕೊಳ್ಳಬೇಕಾಗುತ್ತದೆ, ಅದಕ್ಕೆ ಈಗ ಕೇಳಿದೆ. ಹೇಳಿರಲಿಲ್ಲವಾ. ಸರಿ. ಮನೆಯವರು ಮಾತಾಡಿಕೊಂಡು ಹೂಂ ಅಂದರೂ ಸರಿ, ಬೇಡ ಅಂದರೂ ಸರಿ.

ಈಗ ಅವರನ್ನು ನೋಡುತ್ತೀರಾ ಅಮ್ಮ? ನೋಡಲೇಬೇಕು ಅಂತಿಲ್ಲ. ಆದರೆ ಕೂತುಕೊಳ್ಳಬಹುದು, ಮುಟ್ಟಬಹುದು, ಬಾಯಿಗೆ ನೀರು ಬಿಡಬಹುದು. ತುಂಗೆಯ ನೀರೋ ತುಳಸಿಯೋ ಬೇಕಾದರೆ ಅಣ್ಣ ತರಲಿ, ಯಾರೂ ತಡೆಯುವುದಿಲ್ಲ. ಪರದೆ ಎಳೆದಿದ್ದೇವೆ.

ಒಳಗೆ ಹೋಗುವ ಮುಂಚೆ ಹೇಗೆ ಕಾಣುತ್ತಾರೆ ಅಂತ ಹೇಳಿಬಿಡುತ್ತೇನೆ. ಬಾಯಿಯ ಟ್ಯೂಬ್ ತೆಗೆದಿದ್ದೇವೆ, ತುಟಿಯ ಹತ್ತಿರ ಪ್ಲಾಸ್ಟರ್ ಗುರುತು ಇದೆ. ಎದೆಯ ಮೇಲೆ ಕೆಂಪಗಾಗಿದೆ, ಒತ್ತಿದ್ದರಿಂದ. ಪಕ್ಕೆಲುಬಿಗೂ ಪೆಟ್ಟಾಗಿರಬಹುದು. ಮುಖ ಬಿಳಚಿಕೊಂಡಿದೆ, ಕೈ ತಣ್ಣಗಾಗುತ್ತಿದೆ. ಸಿಸ್ಟರ್ ಮುಖ ಒರೆಸಿ, ಕೂದಲು ಬಾಚಿದ್ದಾರೆ. ಉಂಗುರ ಮತ್ತು ಉಡಿದಾರ ಈ ಕವರಿನಲ್ಲಿವೆ. ರಾಘು, ಎಣಿಸಿ ತೆಗೆದುಕೊಳ್ಳಿ.

ಬನ್ನಿ ಅಮ್ಮ, ನನ್ನ ಕೈ ಹಿಡಿದುಕೊಳ್ಳಿ. ಇಲ್ಲಿ ಒಂದು ಮೆಟ್ಟಿಲಿದೆ, ನಿಧಾನ. ಎಡಗಡೆ ಕೊನೆಯ ಮಂಚ. ಬಲಗೈಗೆ ಬ್ಯಾಂಡೇಜ್ ಇದೆ, ಈ ಕಡೆ ಕುರ್ಚಿ ಹಾಕಿಸಿದ್ದೇನೆ. ಎಡಗೈ ಹಿಡಿದುಕೊಳ್ಳಿ.