ಅಡುಗೆಮನೆಯ ಸ್ವಚ್ಛತೆಯ ಬಗ್ಗೆ ನೀವು ಬರೆದ ವಿಮರ್ಶೆಗೆ ಉತ್ತರ

ಮಾನ್ಯರೇ,

ಮಾರ್ಚ್ 9ರ ಭಾನುವಾರ ಕುಟುಂಬದೊಂದಿಗೆ ತಿಂಡಿಗೆ ಬಂದಾಗ ಕಂಡದ್ದನ್ನು ನೀವು ವಿವರವಾಗಿ ಬರೆದಿದ್ದೀರಿ. ಶಿವಮೊಗ್ಗದ ಬಸ್ ನಿಲ್ದಾಣದ ಬಳಿಯ ಈ ಹೋಟೆಲಿನ ಮಾಲೀಕನಾದ ನಾನೇ ಇದಕ್ಕೆ ಉತ್ತರಿಸುತ್ತಿದ್ದೇನೆ. ಅಂದು ಬೆಳಗಿನ ಪಾಳಿಯಲ್ಲಿದ್ದವರನ್ನೆಲ್ಲ ವಿಚಾರಿಸಿ, ಕ್ಯಾಮೆರಾ ದೃಶ್ಯಗಳನ್ನು ನೋಡಿದ ಮೇಲೆಯೇ ಬರೆಯಬೇಕೆಂದು ಕಾದದ್ದರಿಂದ ಎರಡು ದಿನ ತಡವಾಯಿತು, ಕ್ಷಮೆಯಿರಲಿ. ಸಂಜೆ ನಿಮ್ಮ ಮಗಳಿಗೆ ವಾಂತಿಯಾಯಿತೆಂದು ಓದಿ ಬಹಳ ಬೇಸರವಾಯಿತು. ಈಗ ಅವಳು ಚೇತರಿಸಿಕೊಂಡಿರಲಿ ಎಂದು ಹಾರೈಸುತ್ತೇನೆ.

ಟೇಬಲ್ ಒರೆಸಿದ ಬಟ್ಟೆಯಿಂದಲೇ ತಟ್ಟೆ ಒರೆಸಿದರು ಎಂದು ನೀವು ಬರೆದಿರುವುದು ನಿಜ. 10 ಗಂಟೆ 22 ನಿಮಿಷದ ದೃಶ್ಯದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆ ಹುಡುಗ ಕೆಲಸಕ್ಕೆ ಸೇರಿ ಐದು ದಿನವಾಗಿತ್ತು. ಸರಿಯಾಗಿ ಹೇಳಿಕೊಡದೆ ಅವನನ್ನು ಭಾನುವಾರದ ಗದ್ದಲಕ್ಕೆ ನಿಲ್ಲಿಸಿದ್ದು ನನ್ನ ತಪ್ಪು, ಅವನದಲ್ಲ. ಸೋಮವಾರದಿಂದ ನಮ್ಮಲ್ಲಿ ತಟ್ಟೆಯನ್ನು ಬಟ್ಟೆಯಿಂದ ಒರೆಸುವುದನ್ನೇ ನಿಲ್ಲಿಸಿದ್ದೇವೆ. ತೊಳೆದ ತಟ್ಟೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ಸ್ಟ್ಯಾಂಡಿನಲ್ಲಿ ಬೋರಲು ಹಾಕಿ ಒಣಗಿಸುತ್ತೇವೆ.

ಚಟ್ನಿ ಹುಳಿಯಾಗಿತ್ತು ಎಂಬ ದೂರನ್ನೂ ನಾನು ಒಪ್ಪುತ್ತೇನೆ, ಇಡೀ ವಿಮರ್ಶೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಅದೇ. ಕಾಯಿ ಚಟ್ನಿ ಬಹಳ ಹೊತ್ತು ಹೊರಗೆ ಉಳಿಯುವ ಪದಾರ್ಥವಲ್ಲವಾದ್ದರಿಂದ ಎರಡು ಗಂಟೆಗೊಮ್ಮೆ ಹೊಸದಾಗಿ ರುಬ್ಬಬೇಕೆಂಬುದು ನಮ್ಮ ಕ್ರಮ, ಮತ್ತು ಅಂದೂ ಏಳೂವರೆಗೆ, ಒಂಬತ್ತೂವರೆಗೆ ರುಬ್ಬಲಾಗಿತ್ತು. ಆದರೆ ಬಡಿಸುವ ಆತುರದಲ್ಲಿ, ಹಳೆಯದು ತಳದಲ್ಲಿ ಉಳಿದಿರುವಾಗಲೇ ಅದರ ಮೇಲೆ ಹೊಸ ಚಟ್ನಿ ಸುರಿದಿದ್ದಾರೆ. ಹೀಗೆ ಮಾಡಿದರೆ ತಾಜಾ ಚಟ್ನಿಯೂ ಬೇಗ ಕೆಡುತ್ತದೆ. ಈಗ ದೊಡ್ಡ ಬೇಸಿನ್ ತೆಗೆದು ಸಣ್ಣ ಪಾತ್ರೆಗಳನ್ನು ಇಟ್ಟಿದ್ದೇವೆ. ಒಂದು ಪಾತ್ರೆ ಖಾಲಿಯಾಗಿ ತೊಳೆಯಲು ಹೋದ ಮೇಲೆಯೇ ಇನ್ನೊಂದು ಪಾತ್ರೆ ಹೊರಗೆ ಬರುತ್ತದೆ.

ಕೈ ತೊಳೆಯುವ ಜಾಗದಲ್ಲಿ ಜಿರಳೆ ಕಂಡಿತೆಂದು ಬರೆದಿದ್ದೀರಿ. ಕ್ಯಾಮೆರಾದಲ್ಲಿ ಆ ಮೂಲೆ ಬರುವುದಿಲ್ಲ, ಆದರೂ ನೀವು ನೋಡಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿನ ಮೋರಿಯ ಜಾಲಿ ಒಂದು ಬದಿ ಮುರಿದಿತ್ತು. ಅದನ್ನು ಬದಲಾಯಿಸಿದ್ದೇವೆ ಮತ್ತು ತಿಂಗಳಿಗೊಮ್ಮೆ ಮಾಡಿಸುತ್ತಿದ್ದ ಕೀಟನಿಯಂತ್ರಣವನ್ನು ಹದಿನೈದು ದಿನಕ್ಕೊಮ್ಮೆ ಮಾಡಿಸಲಿದ್ದೇವೆ.

ಆದರೆ ನಿಮ್ಮ ಎರಡು ಮಾತುಗಳನ್ನು ನಾನು ಒಪ್ಪಲಾರೆ. ನೀವು ಹಾಕಿರುವ ಫೋಟೋದಲ್ಲಿರುವುದು ಹಳಸಿದ ಹಿಟ್ಟಲ್ಲ, ಅದು ಇಡ್ಲಿ ಹಿಟ್ಟು. ಹಿಂದಿನ ಸಂಜೆ ಐದರ ಸುಮಾರಿಗೆ ರುಬ್ಬಿ, ಉಪ್ಪು ಹಾಕಿ, ಸ್ಟೀಲ್ ಡ್ರಮ್ಮುಗಳಲ್ಲಿ ರಾತ್ರಿಯಿಡೀ ಹುದುಗಲು ಬಿಡುತ್ತೇವೆ. ಬೆಳಿಗ್ಗೆ ಹೊತ್ತಿಗೆ ಅದು ಉಬ್ಬಿ, ಮೇಲೆಲ್ಲ ಗುಳ್ಳೆ ಎದ್ದು, ಹುಳಿ ವಾಸನೆ ಬರುತ್ತದೆ, ಮತ್ತು ಹಾಗೆ ಆಗದಿದ್ದರೆ ಇಡ್ಲಿ ಮೆತ್ತಗಾಗುವುದಿಲ್ಲ. ಡ್ರಮ್ಮಿನ ಹೊರಮೈಯಲ್ಲಿ ಕಂಡದ್ದು ಉಕ್ಕಿ ಇಳಿದು ಒಣಗಿದ ಅದೇ ಹಿಟ್ಟು. ಅದನ್ನು ಆಗಲೇ ಒರೆಸಿರಬೇಕಿತ್ತು ಎಂಬುದು ಬೇರೆ ಮಾತು, ಆ ಮಟ್ಟಿಗೆ ನೀವು ಹೇಳಿದ್ದು ಸರಿ. ನಿನ್ನೆಯ ಸಾಂಬಾರಿಗೆ ನೀರು ಬೆರೆಸುತ್ತಾರೆ ಎಂಬುದೂ ಸರಿಯಲ್ಲ. ಬೆಳಿಗ್ಗೆ ಐದೂವರೆಗೆ ಮಾಡಿದ ಸಾಂಬಾರು ಒಲೆಯ ಮೇಲೆಯೇ ಇರುವುದರಿಂದ ಬೇಳೆ ಗಟ್ಟಿಯಾಗುತ್ತದೆ, ಆಗ ಬಿಸಿನೀರು ಹಾಕಿ ಮತ್ತೆ ಕುದಿಸುತ್ತಾರೆ. ನೀವು ನೋಡಿದ್ದು ಅದನ್ನೇ. ರಾತ್ರಿ ಉಳಿದ ಸಾಂಬಾರು ಪಾಲಿಕೆಯ ಹಸಿ ಕಸದ ಗಾಡಿಗೆ ಹೋಗುತ್ತದೆ, ಮರುದಿನಕ್ಕೆ ಇಡುವುದಿಲ್ಲ.

ಎಫ್‌ಎಸ್‌ಎಸ್‌ಎಐ ಪರವಾನಗಿ ಕ್ಯಾಶ್ ಕೌಂಟರ್ ಹಿಂದಿನ ಗೋಡೆಯ ಮೇಲಿದೆ. ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆಯ ಪತ್ರಗಳು ಮತ್ತು ನೀರಿನ ಪರೀಕ್ಷಾ ವರದಿ ಕಡತದಲ್ಲಿವೆ; ಕೇಳಿದ ಯಾವ ಗ್ರಾಹಕರಿಗೂ ತೋರಿಸುತ್ತೇವೆ. ಜಿಲ್ಲಾ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡುವ ಹಕ್ಕು ನಿಮಗಿದೆ, ಕೊಟ್ಟರೆ ನಮ್ಮ ಕಡೆಯಿಂದ ಪೂರ್ಣ ಸಹಕಾರವಿರುತ್ತದೆ.

ಮಗಳ ಅನಾರೋಗ್ಯಕ್ಕೆ ನಮ್ಮ ಆಹಾರವೇ ಕಾರಣವೋ ಅಲ್ಲವೋ ಎಂದು ನಾನು ಇಲ್ಲಿ ವಾದಿಸುವುದಿಲ್ಲ. ವೈದ್ಯರಿಗೆ ತೋರಿಸಿದ್ದರೆ ಅವರು ಏನೆಂದರು ಎಂಬುದನ್ನು ದಯವಿಟ್ಟು ತಿಳಿಸಿ. ಅಂದು ಅದೇ ಚಟ್ನಿ ತಿಂದ ಬೇರೆಯವರನ್ನು ವಿಚಾರಿಸಲು ನಮಗೆ ಅದರಿಂದ ಅನುಕೂಲವಾಗುತ್ತದೆ. ಬಿಲ್ಲಿನ ಹಣವನ್ನು ಹಿಂದಿರುಗಿಸಲು ಸಿದ್ಧನಿದ್ದೇನೆ, ಅದಕ್ಕಾಗಿ ವಿಮರ್ಶೆಯನ್ನು ತೆಗೆಯಬೇಕೆಂದು ನಾನು ಕೇಳುವುದಿಲ್ಲ. ಯಾವ ದಿನವಾದರೂ ಬೆಳಿಗ್ಗೆ ಆರರಿಂದ ಹನ್ನೊಂದರೊಳಗೆ, ಮುಂಚಿತವಾಗಿ ತಿಳಿಸದೆಯೇ ಬನ್ನಿ. ಕೌಂಟರಿನಲ್ಲಿ ನಾನಿರುತ್ತೇನೆ, ಅಡುಗೆಮನೆಯ ಒಳಗೆ ನಾನೇ ಕರೆದೊಯ್ಯುತ್ತೇನೆ.

ವಂದನೆಗಳೊಂದಿಗೆ,
ಹೋಟೆಲ್ ಮಾಲೀಕರು
ಶಿವಮೊಗ್ಗ, ಮಾರ್ಚ್ 12, 2025