ಸ್ಟೀಲ್ ಬಾಟ್ಲಿ: ಏಪ್ರಿಲ್ ತಿಂಗಳ ಕ್ಯಾಪ್ಷನ್‌ಗಳು

ಫೋಟೋ: ಕಲಬುರಗಿ ಬಸ್ ಸ್ಟ್ಯಾಂಡ್, ಉರಿ ಬಿಸಿಲು

ಬೆಳಗ್ಗೆ ಮನೇಲಿ ಮಡಕೆ ನೀರು ತುಂಬ್ಕೊಂಡು ಬಸ್ ಹತ್ತಿದ್ರಿ, ಮಧ್ಯಾಹ್ನ ಎರಡಕ್ಕೆ ಕಲಬುರಗೀಲಿ ಇಳಿದು ಮುಚ್ಚಳ ತೆಗೆದ್ರೆ ಅದೇ ಮಡಕೆ ತಂಪು. ಹೊರಗೆ 42 ಡಿಗ್ರಿ ಇದೆ ಅಂತ ಒಳಗಿರೋ ನೀರಿಗೆ ಗೊತ್ತೇ ಆಗಿಲ್ಲ 😄 ಎರಡು ಪದರ ಸ್ಟೀಲು, ಮಧ್ಯದಲ್ಲಿ ಗಾಳೀನೇ ಇಲ್ಲ, ಹಂಗಾಗಿ ಕಾವು ಒಳಗೆ ನುಗ್ಗೋಕೆ ದಾರಿ ಕಮ್ಮಿ. ಇಳಿದ ತಕ್ಷಣ 20 ರೂಪಾಯಿ ಹಿಡ್ಕೊಂಡು "ಕೋಲ್ಡ್ ಇದ್ಯಾ ಅಣ್ಣಾ" ಅಂತ ಅಂಗಡಿ ಅಂಗಡಿ ಸುತ್ತೋದು ತಪ್ತು.
#ಬಿಸಿಲೂರು #ತಂಪುನೀರು

ಫೋಟೋ: ಲ್ಯಾಪ್‌ಟಾಪ್ ಬ್ಯಾಗು, ಪಕ್ಕದಲ್ಲೇ ಬಾಟ್ಲಿ

ಐಸ್ ಹಾಕಿದ ನೀರು, ಅದೇ ಬ್ಯಾಗಲ್ಲಿ ಲ್ಯಾಪ್‌ಟಾಪು, ಅದೇ ಬ್ಯಾಗಲ್ಲಿ ನಾಳೆ ಸಬ್ಮಿಟ್ ಮಾಡ್ಬೇಕಾದ ರೆಕಾರ್ಡ್ ಬುಕ್ಕು. ಬಾಟ್ಲಿ ಹೊರಗಡೆ ಬೆವರಲ್ಲ, ಬುಕ್ಕು ಒದ್ದೆ ಆಗಲ್ಲ. ಮುಚ್ಚಳದೊಳಗೆ ಸಿಲಿಕೋನ್ ವಾಷರ್ ಇದೆ, ಮೆಟ್ರೋಲಿ ತಳ್ಳಾಟದಲ್ಲಿ ಬ್ಯಾಗ್ ತಲೆಕೆಳಗಾದ್ರೂ ಪರ್ವಾಗಿಲ್ಲ. ಮುಚ್ಚಳ ಪೂರ್ತಿ ತಿರುಗಿಸಿರ್ಬೇಕು ಅಷ್ಟೇ, ಅರ್ಧ ತಿರುಗಿಸಿ ಆಮೇಲೆ ನಮ್ಮನ್ನ ಬೈಬೇಡಿ.

ಫೋಟೋ: ಸಿಂಕ್ ಹತ್ರ ಬಾಟ್ಲಿ ಉಜ್ಜುತ್ತಿರೋ ಅಮ್ಮನ ಕೈ

ಅಮ್ಮಂದಿರು ಹೊಸ ಬಾಟ್ಲಿ ಕೈಗೆ ಕೊಟ್ಟ ತಕ್ಷಣ ನೋಡೋದು ಬಣ್ಣ ಅಲ್ಲ, ಬಾಯಿ. ಕೈ ಒಳಗೆ ಹೋಗುತ್ತಾ ಇಲ್ವಾ? ಹೋಗುತ್ತೆ ಅಮ್ಮಾ! ಬ್ರಷ್ ಹುಡುಕ್ಬೇಕಿಲ್ಲ, ಅಕ್ಕಿ ಹಾಕಿ ಕುಲುಕಬೇಕಿಲ್ಲ, ತಳದವರೆಗೂ ಸ್ಕ್ರಬ್ ಮುಟ್ಟುತ್ತೆ. ವಾಷರ್ ಕೂಡ ಬಿಚ್ಚಿ ತೊಳೀಬಹುದು, ವಾಸನೆ ಕೂತ್ಕೊಳ್ಳೋದು ಜಾಸ್ತಿ ಅಲ್ಲೇ.

ಫೋಟೋ: ಬರೀ ಬಾಟ್ಲಿ ಒಳಭಾಗ, ಹೊಳಪು

ತಳದಲ್ಲಿ 304 ಅಂತ ಬರ್ದಿರೋದು ನೋಡಿ "ಏನದು, ಮಾಡೆಲ್ ನಂಬರಾ" ಅಂತ ತುಂಬ ಜನ ಕೇಳ್ತಾರೆ. ಅದು ಸ್ಟೀಲಿನ ಗ್ರೇಡು, ಕ್ರೋಮಿಯಂ ಸುಮಾರು 18 ಪರ್ಸೆಂಟು, ನಿಕಲ್ ಸುಮಾರು 8. ಅದ್ರಿಂದ ನಿಮಗೇನಾಗ್ಬೇಕು ಅಂದ್ರೆ, ಬೋರ್‌ವೆಲ್ ನೀರು ಹಾಕಿದ್ರೂ ಸುಲಭಕ್ಕೆ ತುಕ್ಕು ಹಿಡಿಯಲ್ಲ, ನಿನ್ನೆ ಫಿಲ್ಟರ್ ಕಾಫಿ ತಗೊಂಡು ಹೋಗಿ ರಾತ್ರಿ ಚೆನ್ನಾಗಿ ತೊಳೆದಿಟ್ರೆ ಇವತ್ತು ನೀರು ನೀರಿನ ಥರಾನೇ ಇರುತ್ತೆ. ಪ್ಲಾಸ್ಟಿಕ್ ಬಾಟ್ಲೀಲಿ ಒಂದ್ಸಲ ಕಾಫಿ ಹಾಕಿ ನೋಡಿದವ್ರಿಗೆ ಇದ್ರ ಬೆಲೆ ಗೊತ್ತು.

ಫೋಟೋ: ಸ್ಕೂಲ್ ಬ್ಯಾಗು, 500 ಎಂಎಲ್, ಮೇಲೆ "ಆದ್ಯಾ, 3 ಬಿ"

ಹೆಸರು ಸ್ಟಿಕರ್ ಅಲ್ಲ, ಲೇಸರಲ್ಲಿ ಕೆತ್ತಿರೋದು. ಜೂನಲ್ಲಿ ಹೋದ ಬಾಟ್ಲಿ ಮಾರ್ಚಲ್ಲೂ ವಾಪಸ್ ಮನೆಗೆ ಬರ್ಲಿ ಅಂತ. ಕೆಳಗೆ ಬಿದ್ರೆ ಒಡೆಯಲ್ಲ, ಆದ್ರೆ ತಗ್ಗು ಬೀಳುತ್ತೆ, ಬೀಳಲ್ಲ ಅಂತ ಸುಳ್ಳು ಹೇಳಲ್ಲ. 😅

ಫೋಟೋ: ರಾತ್ರಿ ಪಾಳಿ, ಸೆಕ್ಯೂರಿಟಿ ಕ್ಯಾಬಿನ್, ಲೋಟದಿಂದ ಹಬೆ

ರಾತ್ರಿ ಹತ್ತಕ್ಕೆ ಮನೆಯವ್ರು ಹಾಕಿಕೊಟ್ಟ ಶುಂಠಿ ಕಷಾಯ, ಬೆಳಗಿನ ಜಾವ ನಾಲ್ಕಕ್ಕೆ ನಿದ್ದೆ ಎಳೆಯೋ ಹೊತ್ತಲ್ಲಿ ಬಿಸಿಬಿಸಿ. ಅಷ್ಟೊತ್ತಲ್ಲಿ ಯಾವ ಟೀ ಅಂಗಡೀನೂ ತೆಗ್ದಿರಲ್ಲ, ತೆಗ್ದಿದ್ರೂ ಗೇಟ್ ಬಿಟ್ಟು ಹೋಗೋಕಾಗಲ್ಲ. ಹಾಕೋ ಮುಂಚೆ ಐದು ನಿಮಿಷ ಬಿಸಿನೀರು ತುಂಬಿಟ್ಟು ಚೆಲ್ಲಿ, ಇನ್ನೂ ಜಾಸ್ತಿ ಹೊತ್ತು ಕಾವು ನಿಲ್ಲುತ್ತೆ. ಹಂಗೇ ಬಾಯಿಗೆ ಇಟ್ಕೋಬೇಡಿ ಅಣ್ಣಾ, ಲೋಟಕ್ಕೆ ಬಗ್ಗಿಸ್ಕೊಂಡು ಕುಡೀರಿ, ನಾಲಿಗೆ ಸುಡುತ್ತೆ.

ಫೋಟೋ: ಎರಡು ಬಾಟ್ಲಿ ಪಕ್ಕಪಕ್ಕ, 399 ಮತ್ತು 899

"899 ಜಾಸ್ತಿ ಆಯ್ತು" ಅಂತ ಇನ್‌ಬಾಕ್ಸಲ್ಲಿ ದಿನಾ ಮೆಸೇಜು. ದಿನಕ್ಕೊಂದು 20 ರೂಪಾಯಿ ನೀರಿನ ಬಾಟ್ಲಿ ತಗೊಳ್ಳೋರಿಗೆ 45 ದಿನಕ್ಕೆ ಇದ್ರ ದುಡ್ಡು ವಾಪಸ್ಸು. ವಾಷರ್ ಸಡಿಲ ಆದ್ರೆ ಬರೀ ವಾಷರ್ 30 ರೂಪಾಯಿಗೆ ಸಿಗುತ್ತೆ, ಇಡೀ ಬಾಟ್ಲಿ ಎಸೀಬೇಕಿಲ್ಲ.

ಆದ್ರೆ ಎಲ್ರಿಗೂ ಇದೇ ಬೇಕು ಅಂತಿಲ್ಲ. ಆಫೀಸಲ್ಲಿ ಪಕ್ಕದಲ್ಲೇ ಫಿಲ್ಟರ್ ಇದೆ, ಬ್ಯಾಗ್ ಹಗುರ ಇರ್ಬೇಕು ಅನ್ನೋರು 399ರ ಒಂದೇ ಪದರದ್ದು ತಗೊಳ್ಳಿ, ಅದೇ ಸ್ಟೀಲು, ಅದೇ ಮುಚ್ಚಳ. ತಂಪು ಉಳಿಯಲ್ಲ, ಬಿಸಿ ಹಾಕಿದ್ರೆ ಕೈ ಸುಡುತ್ತೆ, ಅದು ಬಿಟ್ರೆ ಒಳ್ಳೆ ಬಾಟ್ಲಿ.

ಪಿನ್ ಮಾಡಿರೋ ಕಾಮೆಂಟು:
ಮಜ್ಜಿಗೆ ಹಾಕ್ಬಹುದಾ ಅಂತ ಕೇಳಿದ ಅಕ್ಕನಿಗೆ: ಹಾಕಿ, ಆದ್ರೆ ಮಧ್ಯಾಹ್ನದೊಳಗೆ ಕುಡಿದು ಮುಗಿಸಿ, ಮುಚ್ಚಿಟ್ಟು ಮರೀಬೇಡಿ. ಹುಳಿ ಬಂದು ಗ್ಯಾಸ್ ತುಂಬ್ಕೊಂಡ್ರೆ ಮುಚ್ಚಳ ತೆಗೆಯೋವಾಗ ಮುಖಕ್ಕೆ ಚಿಮ್ಮುತ್ತೆ. ಎರಡು ಪದರದ್ದನ್ನ ಫ್ರೀಜರಲ್ಲಿ ಇಡಬೇಡಿ, ಒಳಗೆ ನೀರು ಗಟ್ಟಿಯಾಗಿ ಉಬ್ಬಿ ಬಾಟ್ಲಿ ಹಾಳಾಗುತ್ತೆ, ಐಸ್ ಬೇರೆ ಮಾಡಿ ಒಳಗೆ ಹಾಕ್ಕೊಳ್ಳಿ, ಬಾಯಿ ಅಗಲ ಇರೋದೇ ಅದಕ್ಕೆ. ಆರ್ಡರ್ ಲಿಂಕು ಬಯೋದಲ್ಲಿದೆ, ಹೆಸರು ಕೆತ್ತಿಸ್ಬೇಕು ಅಂದ್ರೆ ಸ್ಪೆಲಿಂಗ್ ಸರಿಯಾಗಿ ಟೈಪ್ ಮಾಡಿ, ಕೆತ್ತಿದ್ಮೇಲೆ ಅಳಿಸೋಕಾಗಲ್ಲ.