ಪ್ರಶಸ್ತಿ ಕೊಡೋಕ್ ಮುಂಚೆ ನಾಕ್ ಮಾತು

ಎಲ್ರಿಗೂ ನಮಸ್ಕಾರ. ಊಟ ಎಂಟೂವರೆಗೆ ರೆಡಿ ಅಂದಿದ್ದಾರೆ, ಅಷ್ಟರೊಳಗೆ ನನ್ ಮಾತು ಮುಗಿಸ್ತೀನಿ. ಮೊದಲಿಗೆ ಇಲ್ಲಿ ಬಂದಿರೋ, ನಮ್ ರಕ್ತಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡೋರ ಮನೆಯವ್ರಿಗೆಲ್ಲ ಒಂದು ದೊಡ್ಡ ಥ್ಯಾಂಕ್ಸ್. ಬೆಳಿಗ್ಗೆ ಆರಕ್ಕೆ ಫಾಸ್ಟಿಂಗ್ ಸ್ಯಾಂಪಲ್ ತಗೊಳ್ಳೋಕೆ ನಮ್ ಹುಡ್ಗ ಹುಡ್ಗೀರು ಕೌಂಟರಲ್ಲಿ ಇರ್ಬೇಕು ಅಂದ್ರೆ ಮನೇಲಿ ಯಾರೋ ಒಬ್ರು ಐದಕ್ಕೆ ಎದ್ದು ಕಾಫಿ ಮಾಡಿ ಡಬ್ಬಿ ಕಟ್ಟಿ ಕೊಟ್ಟಿರ್ತಾರೆ, ಅವ್ರ ಹೆಸರು ಯಾವ ಪ್ರಶಸ್ತಿ ಪಟ್ಟೀಲೂ ಇರಲ್ಲ, ಅದಕ್ಕೇ ಮೊದಲು ಹೇಳ್ದೆ.

ಈ 2024 ಹೇಗಿತ್ತು ಅಂತ ನಿಮಗೆ ಹೇಳೋ ಅವಶ್ಯಕತೆ ಇಲ್ಲ. ಮಳೆ ಶುರುವಾದಾಗಿಂದ ಡೆಂಗಿ ಡೆಂಗಿ ಡೆಂಗಿ. ಜುಲೈಯಲ್ಲಿ ಸರ್ಕಾರ ಡೆಂಗಿ ಪತ್ತೆ ಮಾಡೋ ಎಲೈಸಾ ಟೆಸ್ಟ್‌ಗೆ 300 ರೂಪಾಯಿ ಅಂತ ದರ ಫಿಕ್ಸ್ ಮಾಡ್ತು, ಸೆಪ್ಟೆಂಬರಲ್ಲಿ ಡೆಂಗಿನ ಸಾಂಕ್ರಾಮಿಕ ರೋಗ ಅಂತಲೇ ಘೋಷಣೆ ಮಾಡಿದ್ರು. ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಬರೋ ಸ್ಯಾಂಪಲ್ ಬಾಕ್ಸ್‌ಗಳು ಸಂಜೆ ಹೊತ್ತಿಗೆ ಬೆಂಚ್ ತುಂಬಾ ಇರ್ತಿದ್ವು. ಎಷ್ಟು ಸ್ಯಾಂಪಲ್ ಮಾಡಿದ್ವಿ ಅನ್ನೋ ಲೆಕ್ಕ ಅಕೌಂಟ್ಸ್‌ನವ್ರು ಆಮೇಲೆ ಸ್ಲೈಡ್ ಹಾಕಿ ತೋರಿಸ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ಸಿದ್ದು ಬೇರೆ. ಅಷ್ಟು ರಶ್ಶಲ್ಲೂ ಅನುಮಾನ ಬಂದ ಕಡೆ ನಮ್ಮೋರು ರಿಪೋರ್ಟ್ ತಡೆದು ನಿಲ್ಲಿಸಿದ್ರಲ್ಲ, ಅದು.

ಒಂದ್ ಉದಾಹರಣೆ ಪೂರ್ತಿ ಹೇಳ್ಲೇಬೇಕು. ಒಬ್ಬ ಹುಡ್ಗ, ಜ್ವರ, ಮೆಷೀನಲ್ಲಿ ಪ್ಲೇಟ್‌ಲೆಟ್ 18 ಸಾವಿರ ಅಂತ ಬಂತು. ಸಾಧಾರಣವಾಗಿ ಒಂದೂವರೆ ಲಕ್ಷಕ್ಕಿಂತ ಮೇಲಿರ್ಬೇಕು ಅನ್ನೋದು ಈಗ ಮೈಸೂರಲ್ಲಿ ಆಟೋ ಓಡ್ಸೋರಿಗೂ ಗೊತ್ತು, ಡೆಂಗಿ ಅಷ್ಟು ಪಾಠ ಕಲಿಸಿದೆ. ಹೊರಗಡೆ ಕೌಂಟರಲ್ಲಿ ಆ ಹುಡ್ಗನ ಅಣ್ಣ ನಿಂತಿದ್ರು, ಫೋನಲ್ಲಿ ಆಗ್ಲೇ ಪ್ಲೇಟ್‌ಲೆಟ್ ಕೊಡೋರನ್ನ ಹುಡುಕ್ತಾ ಇದ್ರು, ಪದೇ ಪದೇ ಬಂದು ರಿಪೋರ್ಟ್ ಆಯ್ತಾ ಮೇಡಂ ಆಯ್ತಾ ಮೇಡಂ ಅಂತಿದ್ರು. ಆ ಸೀಸನಲ್ಲಿ 18 ಸಾವಿರ ಅಂದ್ರೆ ಯಾರಿಗೂ ಆಶ್ಚರ್ಯ ಆಗ್ತಿರ್ಲಿಲ್ಲ, ಅಪ್ರೂವ್ ಒತ್ತಿದ್ರೆ ಕೆಲಸ ಮುಗೀತಿತ್ತು. ಮಂಜುಳಾ ಮೇಡಂ ಒತ್ತಲಿಲ್ಲ. ಒಂದು ಹನಿ ರಕ್ತನ ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸ್ಮಿಯರ್ ಎಳೆದು, ಕಣಗಳು ಕಾಣೋ ಹಾಗೆ ಲೀಶ್‌ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿ, ಒಣಗೋವರೆಗೂ ಕಾದು ಮೈಕ್ರೋಸ್ಕೋಪ್ ಕೆಳಗೆ ಇಟ್ರು. ಸ್ಮಿಯರ್‌ನ ಅಂಚಲ್ಲಿ ಪ್ಲೇಟ್‌ಲೆಟ್‌ಗಳೆಲ್ಲ ಗುಂಪು ಗುಂಪಾಗಿ ಅಂಟ್ಕೊಂಡು ಕೂತಿದ್ವು. ಕೆಲವರ ರಕ್ತಕ್ಕೆ ನೇರಳೆ ಮುಚ್ಚಳದ ಟ್ಯೂಬಲ್ಲಿರೋ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಇಡಿಟಿಎ ಆಗಲ್ಲ, ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟ್ಕೊಳ್ತವೆ, ಮೆಷೀನ್ ಆ ಗುಂಪನ್ನ ಪ್ಲೇಟ್‌ಲೆಟ್ ಅಂತಲೇ ಎಣಿಸಲ್ಲ. ಮೇಡಂ ಹೊರಗೆ ಬಂದು ಆ ಅಣ್ಣನ್ನ ಕೂರ್ಸಿ, ಇನ್ನೊಂದ್ ಸಲ ರಕ್ತ ತಗೋಬೇಕು, ದುಡ್ಡೇನೂ ಕೊಡ್ಬೇಡಿ, ಯಾಕೆ ಅಂತ ಹೇಳ್ತೀನಿ ಕೇಳಿ ಅಂತ ಸಮಾಧಾನವಾಗಿ ಹೇಳಿ, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಲ್ಲಿ ತೆಗೆಸಿ, ತಕ್ಷಣ ರನ್ ಮಾಡಿ, ಸಿಟ್ರೇಟ್ ದ್ರವ ಸೇರಿ ರಕ್ತ ತೆಳುವಾಗಿರೋದಕ್ಕೆ 1.1 ರಿಂದ ಗುಣಿಸಿ ನೋಡಿದ್ರೆ 1 ಲಕ್ಷ 62 ಸಾವಿರ. ಆ ಅಣ್ಣ ಅಲ್ಲೇ ಕುರ್ಚಿ ಮೇಲೆ ಕೂತು ಅತ್ತುಬಿಟ್ರು. ಆ ಹುಡ್ಗನಿಗೆ ಅವತ್ತು ಬೇಡದೇ ಇರೋ ಪ್ಲೇಟ್‌ಲೆಟ್ ಏರಿಸೋದು ತಪ್ತು, ಐಸಿಯು ತಪ್ತು, ಆ ಮನೆಯವ್ರು ಸಾಲ ಮಾಡೋದೂ ತಪ್ತು. ಈ ಸಂಗತಿ ನಮ್ ಡಾಕ್ಟರ್ ಮೇಡಂ ನನಗೆ ಹೇಳಿದ್ದು, ಮಂಜುಳಾ ಅವ್ರು ತಾವಾಗೇ ಇವತ್ತಿನವರೆಗೂ ಎಲ್ಲೂ ಹೇಳ್ಕೊಂಡಿಲ್ಲ.

ನೈಟ್ ಶಿಫ್ಟಿನ ನವೀನ್ ವಿಷಯನೂ ಹಾಗೇ. ರಾತ್ರಿ ಎರಡು ಗಂಟೆ, ಒಬ್ಬ ಪೇಷಂಟ್ ರಕ್ತದಲ್ಲಿ ಪೊಟ್ಯಾಸಿಯಂ 7.1, ಇರಬೇಕಾದ್ದಕ್ಕಿಂತ ತುಂಬಾ ಹೆಚ್ಚು. ಟ್ಯೂಬಲ್ಲಿ ರಕ್ತಕಣ ಒಡೆದ್ರೂ ಸುಳ್ಳು ಸುಳ್ಳೇ ಹೆಚ್ಚು ತೋರಿಸತ್ತೆ, ಅದಕ್ಕೆ ಮೊದಲು ರಕ್ತದ ತಿಳಿ ಭಾಗ, ಸೀರಮ್, ಬೆಳಕಿಗೆ ಹಿಡಿದು ನೋಡಿದ್ರು, ಕೆಂಪು ಬಣ್ಣ ಇಲ್ಲ, ರಿಪೀಟ್ ಮಾಡಿದ್ರೂ ಅದೇ. ಅಂದ್ರೆ ನಿಜ, ಅಂದ್ರೆ ಹೃದಯ ಯಾವಾಗ ಬೇಕಾದ್ರೂ ನಿಲ್ಲಬಹುದು. ಡಾಕ್ಟರ್ ಫೋನ್ ಎತ್ತಲಿಲ್ಲ. ವಾರ್ಡಿಗೆ ಮಾಡಿದ್ರು, ಎಂಗೇಜ್. ಮತ್ತೆ ಡಾಕ್ಟರ್‌ಗೆ, ಮತ್ತೆ ವಾರ್ಡಿಗೆ. ಕೊನೆಗೆ ಸಿಸ್ಟರ್ ಎತ್ತಿದಾಗ ವ್ಯಾಲ್ಯೂ ಹೇಳಿ, ಅವ್ರ ಕೈಲಿ ವಾಪಸ್ ಓದಿಸಿ, ಟೈಮ್ ಬರೆದು, ಆಮೇಲೇ ನೀರು ಕುಡಿದ್ರು. ರಿಜಿಸ್ಟರಲ್ಲಿ ಆ ಎಲ್ಲಾ ಕಾಲ್‌ಗಳ ಟೈಮ್ ಇದೆ, ಬೆಳಿಗ್ಗೆ ನಾನು ನೋಡ್ದಾಗ ಮೈ ಜುಂ ಅಂತು. ಪೇಷಂಟ್ ಆಮೇಲೆ ಡಿಸ್ಚಾರ್ಜ್ ಆಗಿ ಮನೆಗೆ ಹೋದ್ರು, ನವೀನ್ ಅನ್ನೋ ಒಬ್ರು ಇದ್ದಾರೆ ಅಂತ ಕೂಡ ಅವ್ರಿಗೆ ಗೊತ್ತಿಲ್ಲ.

ಹುಣಸೂರು ಸೆಂಟರ್ ರಶ್ಮಿ, ಎಲ್ಲಿದೀಯಮ್ಮಾ, ಹಾಂ ಅಲ್ಲಿ. ರಕ್ತ ತೆಗೆದ್ಮೇಲೆ ಅರ್ಧ ಗಂಟೆ ಹೆಪ್ಪುಗಟ್ಟೋಕೆ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ಸೀರಮ್ ಬೇರೆ ಮಾಡೇ ಬಾಕ್ಸಿಗೆ ಇಡ್ಬೇಕು. ಬೈಕ್ ಹೊರಡೋ ಟೈಮಿಗೆ ಎಲ್ರೂ ಬೇಗ ಬೇಗ ಅಂತಾರೆ, ಇವಳು ಬಾಕ್ಸ್ ತರೋ ಶಿವಣ್ಣನ್ನ ಕಾಯಿಸ್ತಾಳೆ, ಶಿವಣ್ಣನೂ ಕಾಯ್ತಾರೆ. ಶಿವಣ್ಣ ಮಳೇಲಿ ತಮ್ ರೇನ್‌ಕೋಟ್ ಬಿಚ್ಚಿ ಬಾಕ್ಸಿಗೆ ಸುತ್ಕೊಂಡು ಬಂದಿದ್ದನ್ನ ಸೆಕ್ಯೂರಿಟಿಯವ್ರು ನೋಡಿದ್ದಾರೆ. ಶಿವಣ್ಣ, ಈ ವರ್ಷ ಬಾಕ್ಸಿಗೇ ಬೇರೆ ಕವರ್ ಬರ್ತಿದೆ, ನಿಮ್ ರೇನ್‌ಕೋಟ್ ನೀವೇ ಹಾಕ್ಕೊಳ್ಬೇಕು, ಇದು ಆರ್ಡರ್.

ಲಕ್ಷ್ಮಮ್ಮ ಅವ್ರಿಗೆ ಈ ವರ್ಷ ವಿಶೇಷ ಪ್ರಶಸ್ತಿ ಕೊಡ್ತಿದೀವಿ. ಕಸದ ಕೆಂಪು ಬ್ಯಾಗಲ್ಲಿ ಒಂದು ಸೂಜಿ ಬಿದ್ದಿತ್ತು, ಅದು ಸೂಜಿಗಳಿಗೆ ಅಂತಲೇ ಇರೋ ಬಿಳಿ ಡಬ್ಬಿಗೆ ಹೋಗ್ಬೇಕಾಗಿದ್ದು. ಅವ್ರು ಬ್ಯಾಗ್ ಕಟ್ಟದೆ, ಎತ್ತದೆ, ನೇರ ನಮ್ ಕ್ಯಾಬಿನ್ನಿಗೆ ಬಂದು, ಸಾರ್ ಬಂದು ನೋಡಿ, ಇದ್ನ ನೀವು ನೋಡ್ದೆ ನಾನ್ ಮುಟ್ಟಲ್ಲ ಅಂದ್ರು. ಅವತ್ತೇ ಎಲ್ಲಾ ಬೆಂಚಲ್ಲೂ ಬಿಳಿ ಡಬ್ಬಿ ಕೈಗೆಟಕೋ ಹಾಗೆ ಇಡ್ಸಿದ್ವಿ. ಕಸ ತಗೊಂಡು ಹೋಗೋ ಗಾಡಿಯವ್ನಿಗೆ ಆ ಸೂಜಿ ಚುಚ್ಚಿದ್ರೆ ಅವ್ನು ಹೆಪಟೈಟಿಸ್ಸು, ಎಚ್‌ಐವಿ ಅಂತ ತಿಂಗಳುಗಟ್ಟಲೆ ಹೆದರ್ಕೊಂಡು ಬದುಕ್ಬೇಕಿತ್ತು. ಎಷ್ಟೋ ಜನ ಸೀನಿಯರ್‌ಗಳ ಎದುರಿಗೆ ಹೀಗೆ ಹೇಳೋಕೆ ಧೈರ್ಯ ಬೇಕು, ಲಕ್ಷ್ಮಮ್ಮನ ಹತ್ರ ಅದಿದೆ.

ನಾಗೇಂದ್ರ, ಫ್ರಂಟ್ ಆಫೀಸ್, ಬೈಗುಳ ತಿಂದಿದ್ದೆಲ್ಲ ನೀವೇ. ಒಳಗಡೆಯವ್ರು ನಿಲ್ಲಿಸಿದ ಒಂದೊಂದು ರಿಪೋರ್ಟಿಗೂ ಹೊರಗೆ ಉತ್ತರ ಕೊಟ್ಟಿದ್ದು ನೀವು, ಅದೂ ದನಿ ಏರಿಸ್ದೆ. ನೀವು ಒಂದೇ ಒಂದ್ ಸಲ ಒಳಗೆ ಬಂದು ಬೇಗ ಕೊಡ್ರಪ್ಪ ಅಂತ ಒತ್ತಡ ಹಾಕಿದ್ದಿದ್ರೆ ಮಂಜುಳಾ ಅವ್ರಿಗೆ ಆ ಸ್ಲೈಡ್ ನೋಡೋಕೆ ಟೈಮ್ ಸಿಗ್ತಿರ್ಲಿಲ್ಲ. ಬೆಸ್ಟ್ ಸಪೋರ್ಟ್ ಪ್ರಶಸ್ತಿ ನಿಮ್ಮದು, ಯಾರೂ ಎರಡ್ ಮಾತಾಡ್ಲಿಲ್ಲ.

ಮ್ಯಾನೇಜ್‌ಮೆಂಟ್ ಕಡೆಯಿಂದ ಒಂದು ವಿಷಯ, ಇದನ್ನ ನಾನು ಕೇಳಿ ಒಪ್ಪಿಗೆ ತಗೊಂಡೇ ಬಂದಿದೀನಿ. ಏಪ್ರಿಲ್‌ನಿಂದ ರಾತ್ರಿ ಪಾಳೀಲಿ ಒಬ್ರ ಬದ್ಲು ಇಬ್ರು ಟೆಕ್ನೀಷಿಯನ್ ಇರ್ತಾರೆ. ಅನುಮಾನ ಬಂದಾಗ ಇನ್ನೊಬ್ರಿಗೆ ಒಂದ್ಸಲ ನೋಡಪ್ಪಾ ಅನ್ನೋಕೆ ಪಕ್ಕದಲ್ಲಿ ಮನುಷ್ಯ ಬೇಕು. ಮತ್ತೆ ರಿಪೋರ್ಟ್ ತಡೆದಿದ್ದಕ್ಕೆ ಲೇಟ್ ಆಯ್ತು ಅಂತ ಯಾರ ಅಪ್ರೈಸಲ್ಲಲ್ಲೂ ಮಾರ್ಕ್ಸ್ ಕಡಿಮೆ ಆಗಲ್ಲ.

ಈಗ ಲ್ಯಾಬಲ್ಲಿ ಡ್ಯೂಟೀಲಿರೋ ಮೂರೂ ಜನಕ್ಕೆ ಊಟ ಕಟ್ಟಿಸಿದೀವಿ, ಹೋಳಿಗೆ ಸಮೇತ, ಶಿವಣ್ಣ ಹೋಗ್ತಾ ಕೊಟ್ಟು ಹೋಗ್ತಾರೆ.

ವರ್ಷದ ಪ್ರಶಸ್ತಿ ಯಾರಿಗೆ ಅಂತ ನಿಮಗೆಲ್ಲ ಆಗ್ಲೇ ಗೊತ್ತಾಗಿದೆ, ಚಪ್ಪಾಳೆ ಜೋರಾಗಿರ್ಲಿ. ಮಂಜುಳಾ ಮೇಡಂ, ಬನ್ನಿ, ಅಮ್ಮನ್ನೂ ಜೊತೆಗೇ ಕರ್ಕೊಂಡು ಬನ್ನಿ.